ಬ್ಯಾಂಕಿನ ಪೋಸ್ಟ್ ಆಪ್ತವಾಗಿರಬೇಕು, ಕಂಪ್ಲಯನ್ಸ್‌ನವರೂ ಒಪ್ಪಬೇಕು: ಹೇಗೆ?

ಪ್ರಶ್ನೆ: ನಾನು ದಾವಣಗೆರೆ ಕಡೆಯ ಒಂದು ಪಟ್ಟಣ ಸಹಕಾರ ಬ್ಯಾಂಕಿನಲ್ಲಿ ಪ್ರಚಾರದ ಕೆಲಸ ನೋಡಿಕೊಳ್ಳುತ್ತೇನೆ. ಹಿರಿಯ ನಾಗರಿಕರ 5 ವರ್ಷದ ಎಫ್‌ಡಿ ಬಗ್ಗೆ ಇನ್‌ಸ್ಟಾಗ್ರಾಮಿಗೆ ಆರು ಸ್ಲೈಡಿನ ಕ್ಯಾರೊಸೆಲ್ ಮಾಡಬೇಕಿದೆ. ಹಳೆಯ ಬರಹ ಹೀಗಿತ್ತು: "ಗೌರವಾನ್ವಿತ ಗ್ರಾಹಕರಿಗೆ ಆಕರ್ಷಕ ಬಡ್ಡಿದರದ ವಿಶೇಷ ಠೇವಣಿ ಯೋಜನೆಯನ್ನು ಪ್ರಸ್ತುತಪಡಿಸಲು ಹರ್ಷಿಸುತ್ತೇವೆ. ಷರತ್ತುಗಳು ಅನ್ವಯಿಸುತ್ತವೆ." ಯಾರೂ ಓದಲ್ಲ. ನಾನು ಹೀಗೆ ಬದಲಾಯಿಸಿದೆ: "ದುಡ್ಡು ಸುಮ್ನೆ ಕೂತಿದ್ಯಾ ಅಜ್ಜಾ? ವರ್ಷಕ್ಕೆ 8.30% ಲಾಭ! 100% ಸೇಫ್! ಟ್ಯಾಕ್ಸ್ ತಲೆನೋವಿಲ್ಲ! ಇವತ್ತೇ ಬನ್ನಿ!" ಕಂಪ್ಲಯನ್ಸ್ ಅಧಿಕಾರಿ ಪೂರ್ತಿ ವಾಪಸ್ ಕಳಿಸಿದರು. "ಬ್ಯಾಂಕಿನ ಗಾಂಭೀರ್ಯ ಹೋಗುತ್ತೆ" ಅಂದರು. ಆಪ್ತವಾಗಿ ಬರೆದರೆ ನಂಬಿಕೆ ಹೋಗುತ್ತಾ? ಅವರನ್ನು ಒಪ್ಪಿಸೋದು ಹೇಗೆ?

ಉತ್ತರ: ನಿಮ್ಮ ಅಧಿಕಾರಿ ಹೇಳಿದ ಕಾರಣ ಸರಿಯಿಲ್ಲ. ಆದರೆ ವಾಪಸ್ ಕಳಿಸಿದ್ದು ಸರಿ. ನಿಮ್ಮ ಬರಹದಲ್ಲಿ ಧಾಟಿಯ ತೊಂದರೆ ಇರುವುದು ಒಂದೇ ಕಡೆ, ಆ "ಅಜ್ಜಾ" ಅನ್ನುವಲ್ಲಿ. ಅರವತ್ತು ದಾಟಿದ ಎಷ್ಟೋ ಜನ ಈಗಷ್ಟೇ ನೌಕರಿಯಿಂದ ನಿವೃತ್ತರಾಗಿರುತ್ತಾರೆ, ಅವರಿಗದು ಇಷ್ಟವಾಗಲ್ಲ. ಉಳಿದ ನಾಲ್ಕು ಮಾತುಗಳಲ್ಲಿ ಇರುವುದು ಧಾಟಿಯ ತೊಂದರೆಯಲ್ಲ, ಲೆಕ್ಕದ ತೊಂದರೆ. ಅವನ್ನು ಗಂಭೀರ ಗ್ರಾಂಥಿಕ ಕನ್ನಡದಲ್ಲಿ ಬರೆದಿದ್ದರೂ ವಾಪಸ್ ಬರಬೇಕಿತ್ತು.

ಬ್ಯಾಂಕುಗಳಿಗೆ ಬರೆದುಕೊಡುವ ನನ್ನ ಕೆಲಸದಲ್ಲಿ ಈ ಗೊಂದಲವನ್ನು ಪದೇ ಪದೇ ನೋಡುತ್ತೇನೆ. ಬರೆಯುವವರಿಗೆ "ನಿಯಮ ಬಿಗಿ ಭಾಷೆ ಕೇಳುತ್ತೆ" ಅನ್ನಿಸುತ್ತದೆ. ಕಂಪ್ಲಯನ್ಸ್‌ನವರಿಗೆ "ಸಲೀಸು ಭಾಷೆ ಅಂದರೆ ಏನೋ ಮುಚ್ಚಿಡ್ತಿದ್ದಾರೆ" ಅನ್ನಿಸುತ್ತದೆ. ಗ್ರಾಹಕರೊಂದಿಗೆ ಬಿಗಿಯಾಗಿ ಮಾತಾಡಿ ಅಂತ ಯಾವ ನಿಯಮವೂ ಹೇಳಿಲ್ಲ. ನಿಯಮಗಳು ನೋಡುವುದು ಎರಡನ್ನು: ಹೇಳಿದ ಮಾತು ನಿಜವೇ, ಅದರ ಜೊತೆಗಿನ ಷರತ್ತು ಓದುವವರ ಕಣ್ಣಿಗೆ ಬೀಳುತ್ತದೆಯೇ. ಈ ಲೆಕ್ಕದಲ್ಲಿ ನಿಮ್ಮ ಹಳೆಯ ಬರಹವೂ ಪಾಸಾಗಲ್ಲ. "ಆಕರ್ಷಕ ಬಡ್ಡಿದರ, ಷರತ್ತುಗಳು ಅನ್ವಯಿಸುತ್ತವೆ" ಅಂದರೆ ಓದುವವರಿಗೆ ದರವೂ ಗೊತ್ತಾಗಲ್ಲ, ಷರತ್ತೂ ಗೊತ್ತಾಗಲ್ಲ.

ಈಗ ನಿಮ್ಮ ನಾಲ್ಕು ಮಾತುಗಳನ್ನು ಒಂದೊಂದಾಗಿ ನೋಡೋಣ. ನಿಮ್ಮ ಬ್ಯಾಂಕಿನ ನಿಜವಾದ ದರ ನನಗೆ ಗೊತ್ತಿಲ್ಲದ ಕಾರಣ ಉದಾಹರಣೆಗೆ ಹೀಗಿಟ್ಟುಕೊಳ್ಳುತ್ತೇನೆ: 5 ವರ್ಷದ ಠೇವಣಿಗೆ ಸಾಮಾನ್ಯರಿಗೆ 6.5%, ಹಿರಿಯರಿಗೆ 7%. ಮೂರು ತಿಂಗಳಿಗೊಮ್ಮೆ ಬಡ್ಡಿ ಅಸಲಿಗೆ ಸೇರುತ್ತದೆ. ಅವಧಿಗೆ ಮುಂಚೆ ಮುರಿದರೆ 1% ದಂಡ.

ಮೊದಲಿಗೆ "ವರ್ಷಕ್ಕೆ 8.30% ಲಾಭ". ಈ ಅಂಕಿ ಎಲ್ಲಿಂದ ಬಂತು ಅಂತ ಊಹಿಸಬಲ್ಲೆ. 7% ದರದಲ್ಲಿ 1 ಲಕ್ಷ ರೂಪಾಯಿ ಐದು ವರ್ಷಕ್ಕೆ 1,41,478 ಆಗುತ್ತದೆ. ಹೆಚ್ಚಾದ 41,478 ರೂಪಾಯಿಯನ್ನು ಐದರಿಂದ ಭಾಗಿಸಿದರೆ ವರ್ಷಕ್ಕೆ ಸುಮಾರು 8,296. ಅದನ್ನೇ 8.30% ಅಂದುಬಿಟ್ಟಿದ್ದೀರಿ. ಲೆಕ್ಕ ತಪ್ಪಲ್ಲ. ಆದರೆ ಪಕ್ಕದ ಬ್ಯಾಂಕಿನ 7.25% ನೋಡಿದವರು ನಿಮ್ಮದೇ ಜಾಸ್ತಿ ಅಂದುಕೊಂಡು ಬರುತ್ತಾರೆ. ಕೌಂಟರಿನಲ್ಲಿ ರಸೀದಿ ಮೇಲೆ 7% ಅಂತ ಇರುತ್ತದೆ. ಜಗಳ ಶುರುವಾಗುವುದು ಅಲ್ಲೇ. ಇದು ಹಳೆಯ ಚಾಳಿ. ಹಾಗಾಗಿ ರಿಸರ್ವ್ ಬ್ಯಾಂಕ್ ಬಹಳ ಹಿಂದೆಯೇ ಇದರ ಬಗ್ಗೆ ಬ್ಯಾಂಕುಗಳಿಗೆ ಹೇಳಿದೆ: ಚಕ್ರಬಡ್ಡಿ ಸೇರಿದ ಇಳುವರಿಯನ್ನು ಮಾತ್ರ ಜಾಹೀರಾತಿನಲ್ಲಿ ತೋರಿಸಬೇಡಿ, ವರ್ಷದ ನಿಜವಾದ ಸರಳ ಬಡ್ಡಿದರವನ್ನೂ ಅವಧಿಯನ್ನೂ ತೋರಿಸಿ ಅಂತ. ನನ್ನ ಸಲಹೆ, 8.30 ಅನ್ನುವ ಅಂಕಿಯನ್ನೇ ಬಿಟ್ಟುಬಿಡಿ. ಜನರಿಗೆ ಶೇಕಡಾಕ್ಕಿಂತ ಕೈಗೆ ಬರುವ ರೂಪಾಯಿ ಬೇಗ ಅರ್ಥವಾಗುತ್ತದೆ. "7% ಬಡ್ಡಿ, 1 ಲಕ್ಷಕ್ಕೆ 1,41,478" ಅಂದರೆ ನಿಜವೂ ಆಯಿತು, ಕೇಳಲಿಕ್ಕೂ ಚೆನ್ನಾಗಿದೆ.

ಎರಡನೆಯದು "100% ಸೇಫ್". ಅಪಾಯ ಜಾಸ್ತಿ ಇರುವುದು ಇಲ್ಲೇ, ಅದರಲ್ಲೂ ನೀವು ಸಹಕಾರ ಬ್ಯಾಂಕ್. ಠೇವಣಿ ವಿಮೆ ಕೊಡುವುದು ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯಾದ ಡಿಐಸಿಜಿಸಿ. 2020ರ ಫೆಬ್ರುವರಿ 4ರಿಂದ ಅದರ ಮಿತಿ 1 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿತು. ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ, ಎಲ್ಲ ಶಾಖೆಗಳ ಎಲ್ಲ ಠೇವಣಿ ಸೇರಿಸಿ, ಅಸಲು ಬಡ್ಡಿ ಎರಡೂ ಕೂಡಿ ಅಷ್ಟು. ಒಬ್ಬರು ಪೂರ್ತಿ 5 ಲಕ್ಷ ಇಟ್ಟರೆ ಮೊದಲ ತ್ರೈಮಾಸಿಕದ ಬಡ್ಡಿ ಸೇರಿದ ಕೂಡಲೇ ಒಟ್ಟು ಮೊತ್ತ ಮಿತಿ ದಾಟುತ್ತದೆ. ದಾಟಿದ ಭಾಗಕ್ಕೆ ವಿಮೆ ಇಲ್ಲ. ಹಾಗಾದರೆ 100% ಎಲ್ಲಿ ಬಂತು?

ನಮ್ಮ ರಾಜ್ಯದ ಹಿರಿಯ ಠೇವಣಿದಾರರಿಗೆ ಇದು ಪುಸ್ತಕದ ಮಾತಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಒಂದು ಸಹಕಾರ ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದಾಗ ಠೇವಣಿದಾರರು ತೆಗೆಯಬಹುದಾದ ಮೊತ್ತವನ್ನು ಮೊದಲು 35,000 ರೂಪಾಯಿಗೆ ಮಿತಿ ಮಾಡಿದ್ದರು. ನಿವೃತ್ತಿಯ ದುಡ್ಡು ಇಟ್ಟವರು ಪಟ್ಟ ಪಾಡನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದಾರೆ. ಇಂಥ ನಿರ್ಬಂಧ ಬಿದ್ದಾಗ 90 ದಿನದೊಳಗೆ ವಿಮೆಯ ಹಣ ಕೊಡಬೇಕು ಅಂತ 2021ರಲ್ಲಿ ಕಾಯ್ದೆಗೆ ತಿದ್ದುಪಡಿಯೂ ಆಯಿತು. ಇಷ್ಟೆಲ್ಲ ನೋಡಿದವರ ಮುಂದೆ "100% ಸೇಫ್" ಅಂದರೆ ಅವರಿಗೆ ಸಮಾಧಾನ ಆಗಲ್ಲ, ಅನುಮಾನ ಬರುತ್ತದೆ. "5 ಲಕ್ಷದವರೆಗೆ ವಿಮೆ ಇದೆ" ಅಂತ ಮಿತಿಯನ್ನು ನೀವೇ ಹೇಳಿದರೆ ಅವರು ನಿಮ್ಮ ಮಾತು ಕೇಳಲು ನಿಲ್ಲುತ್ತಾರೆ. "ಸರ್ಕಾರದ ಗ್ಯಾರಂಟಿ" ಅನ್ನುವ ಮಾತನ್ನಂತೂ ಬಾಯಿಗೂ ತರಬೇಡಿ. ವಿಮೆ ಬೇರೆ, ಸರ್ಕಾರದ ಖಾತರಿ ಬೇರೆ.

ಮೂರನೆಯದು "ಟ್ಯಾಕ್ಸ್ ತಲೆನೋವಿಲ್ಲ". 2025ರ ಏಪ್ರಿಲ್ 1ರಿಂದ ಹಿರಿಯ ನಾಗರಿಕರಿಗೆ ಒಂದು ಬ್ಯಾಂಕಿನ ವರ್ಷದ ಬಡ್ಡಿ 1 ಲಕ್ಷ ರೂಪಾಯಿ ದಾಟುವವರೆಗೆ ಟಿಡಿಎಸ್ ಹಿಡಿಯುವುದಿಲ್ಲ. ಅದನ್ನು ನೋಡಿ ಬರೆದಿರಬೇಕು ನೀವು. ಆದರೆ ಟಿಡಿಎಸ್ ಹಿಡಿಯದಿದ್ದರೆ ತೆರಿಗೆಯೇ ಇಲ್ಲ ಅಂತಲ್ಲ. ಬಡ್ಡಿ ಅವರ ಆದಾಯಕ್ಕೆ ಸೇರುತ್ತದೆ. ಅವರ ಒಟ್ಟು ಆದಾಯ ಎಷ್ಟು ಅಂತ ನಿಮ್ಮ ಪೋಸ್ಟಿಗೆ ಗೊತ್ತಿಲ್ಲವಲ್ಲ!

ನಾಲ್ಕನೆಯದು "ಇವತ್ತೇ ಬನ್ನಿ". ಯೋಜನೆಗೆ ನಿಜವಾದ ಕೊನೆಯ ದಿನ ಇದ್ದರೆ ಆ ದಿನಾಂಕ ಹಾಕಿ, ತೊಂದರೆಯಿಲ್ಲ. ಇಲ್ಲದ ಅವಸರ ಹುಟ್ಟಿಸುವುದನ್ನು 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೆಸರಿಸಿದ 13 ಮೋಸದ ತಂತ್ರಗಳ ಪಟ್ಟಿಯಲ್ಲಿ ಸೇರಿಸಲಾಗಿದೆ. "ಉಳಿತಾಯ ಬೇಡ ಅನ್ನೋರು ಮುಂದೆ ಹೋಗಿ" ಅಂತ ಓದುವವರನ್ನು ನಾಚಿಸುವ ಸಾಲುಗಳೂ ಅದೇ ಪಟ್ಟಿಯಲ್ಲಿವೆ. ಈ ಧಾಟಿ ಈಗ ಫ್ಯಾಷನ್ ಆಗಿರುವುದರಿಂದ ಹೇಳಿದೆ.

ಷರತ್ತು ಎಲ್ಲಿ ಬರೆಯಬೇಕು ಅನ್ನುವುದಕ್ಕೆ ಬರೋಣ. ಕ್ಯಾರೊಸೆಲ್‌ನಲ್ಲಿ ಎಲ್ಲರೂ ಎಡವುವುದು ಇಲ್ಲೇ. ಮೊದಲ ಸ್ಲೈಡಿನಲ್ಲಿ ದೊಡ್ಡ ದರ, ಆರನೇ ಸ್ಲೈಡಿನ ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಷರತ್ತು, ಅದೂ ಇಂಗ್ಲಿಷಿನಲ್ಲಿ. ಪತ್ರಿಕೆಯ ಜಾಹೀರಾತಿನಲ್ಲಿ ಎರಡೂ ಒಂದೇ ಹಾಳೆಯ ಮೇಲಿರುತ್ತವೆ. ಇಲ್ಲಿ ಹಾಗಲ್ಲ. ಮೊದಲ ಸ್ಲೈಡ್ ನೋಡಿ ಮುಂದೆ ಹೋಗುವವರೇ ಹೆಚ್ಚು. ಜೊತೆಗೆ ಮಗ ಅದೊಂದರ ಸ್ಕ್ರೀನ್‌ಶಾಟ್ ತೆಗೆದು ಅಪ್ಪನಿಗೆ ವಾಟ್ಸಾಪ್ ಮಾಡುತ್ತಾನೆ. ಅಪ್ಪ ಆರನೇ ಸ್ಲೈಡನ್ನು ನೋಡುವುದೇ ಇಲ್ಲ. ಆದ್ದರಿಂದ ಪ್ರತಿ ಸ್ಲೈಡೂ ಒಂಟಿಯಾಗಿ ಹೊರಗೆ ಹೋದರೂ ಸುಳ್ಳಾಗಬಾರದು. ನಾನು ಬರೆಯುವಾಗ ಇಟ್ಟುಕೊಳ್ಳುವ ಮುಖ್ಯ ನಿಯಮ ಇದು.

ಕಾನೂನೂ ಇದೇ ದಿಕ್ಕಿನಲ್ಲಿದೆ. ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ 2022ರ ಜೂನಿನಲ್ಲಿ ಬಂದ ಮಾರ್ಗಸೂಚಿಯ ಪ್ರಕಾರ, ಷರತ್ತಿನ ಸಾಲು ಮುಖ್ಯ ಮಾತನ್ನು ಬಿಡಿಸಿ ಹೇಳಬಹುದು, ಅದಕ್ಕೆ ವಿರುದ್ಧವಾಗಿ ಇರುವಂತಿಲ್ಲ. ಮುಖ್ಯವಾದ ವಿಷಯವನ್ನು ಮುಚ್ಚಿಡುವಂತಿಲ್ಲ. ಮುಖ್ಯ ಮಾತು ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿ, ಅದೇ ಅಕ್ಷರಶೈಲಿಯಲ್ಲಿ, ಕಾಣುವ ಜಾಗದಲ್ಲಿ ಇರಬೇಕು. ಕನ್ನಡದಲ್ಲಿ ಆಸೆ ತೋರಿಸಿ ಇಂಗ್ಲಿಷಿನಲ್ಲಿ ಎಚ್ಚರಿಸುವ ಅಭ್ಯಾಸಕ್ಕೆ ಇಲ್ಲಿ ಜಾಗವಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಮತ್ತೆ ಅದೇ ಮಾಡಿದರೆ 50 ಲಕ್ಷದವರೆಗೆ. ನಿಮ್ಮ ಅಧಿಕಾರಿಯ ಭಯ ಸುಮ್ನೆ ಹುಟ್ಟಿದ್ದಲ್ಲ.

ಇಷ್ಟು ಗೊತ್ತಾದ ಮೇಲೆ ನಿಮ್ಮ ಕ್ಯಾರೊಸೆಲ್ ಅನ್ನು ನಾನು ಹೀಗೆ ಬರೆಯುತ್ತೇನೆ.

ಸ್ಲೈಡ್ 1: "ಅರವತ್ತು ದಾಟಿದೆಯಾ? 5 ವರ್ಷದ ಠೇವಣಿಗೆ ನಿಮಗೆ ವರ್ಷಕ್ಕೆ 7% ಬಡ್ಡಿ." ಅದರ ಕೆಳಗೇ, ಓದಬಹುದಾದ ಗಾತ್ರದಲ್ಲಿ: "ಉಳಿದವರಿಗೆ 6.5%. ಮುಂಚೆ ತೆಗೆದರೆ ಬಡ್ಡಿ ಕಡಿಮೆ. ಈ ದರ ಜಾರಿಗೆ ಬಂದ ದಿನ: …"

ಸ್ಲೈಡ್ 2: "ಇವತ್ತು 1 ಲಕ್ಷ ಇಟ್ಟರೆ, ಐದು ವರ್ಷದ ಕೊನೆಗೆ 1,41,478 ರೂಪಾಯಿ." ಕೆಳಗೆ: "7% ದರದಲ್ಲಿ, ಮೂರು ತಿಂಗಳಿಗೊಮ್ಮೆ ಬಡ್ಡಿ ಅಸಲಿಗೆ ಸೇರುತ್ತಾ ಹೋದರೆ. ತೆರಿಗೆ ಕಳೆಯುವ ಮುಂಚಿನ ಲೆಕ್ಕ."

ಸ್ಲೈಡ್ 3: "ಮಧ್ಯದಲ್ಲಿ ದುಡ್ಡು ಬೇಕಾದರೆ? ತೆಗೆಯಬಹುದು. ಆದರೆ 7% ಸಿಗಲ್ಲ." ಕೆಳಗೆ: "ಉದಾಹರಣೆಗೆ 2 ವರ್ಷಕ್ಕೆ ಮುರಿದರೆ: ಠೇವಣಿ ಇಟ್ಟ ದಿನ 2 ವರ್ಷಕ್ಕಿದ್ದ ದರ 6.75%. ಅದರಲ್ಲಿ 1% ಕಳೆದು ನಿಮಗೆ 5.75%."

ಸ್ಲೈಡ್ 4: "ನಿಮ್ಮ ಠೇವಣಿಗೆ ವಿಮೆ ಇದೆಯಾ? ಇದೆ, 5 ಲಕ್ಷ ರೂಪಾಯಿವರೆಗೆ." ಕೆಳಗೆ: "ಡಿಐಸಿಜಿಸಿ ವಿಮೆ. ನಮ್ಮ ಬ್ಯಾಂಕಿನಲ್ಲಿ ನಿಮ್ಮ ಹೆಸರಿನ ಎಲ್ಲ ಠೇವಣಿ ಸೇರಿಸಿ, ಅಸಲು ಬಡ್ಡಿ ಎರಡೂ ಕೂಡಿ."

ಸ್ಲೈಡ್ 5: "ತೆರಿಗೆ ಹೇಗೆ? ವರ್ಷದ ಬಡ್ಡಿ 1 ಲಕ್ಷ ದಾಟಿದರೆ ನಾವು ಟಿಡಿಎಸ್ ಹಿಡಿಯುತ್ತೇವೆ." ಕೆಳಗೆ: "ದಾಟದಿದ್ದರೂ ಬಡ್ಡಿ ನಿಮ್ಮ ಆದಾಯಕ್ಕೆ ಸೇರುತ್ತದೆ."

ಸ್ಲೈಡ್ 6: "ಏನೇ ಅನುಮಾನ ಇದ್ದರೂ ಶಾಖೆಗೆ ಬಂದು ಕೇಳಿ, ಲೆಕ್ಕ ಹಾಕಿ ತೋರಿಸುತ್ತೇವೆ." ಕೆಳಗೆ ಶಾಖೆಯ ದೂರವಾಣಿ, ಬ್ಯಾಂಕಿನ ಜಾಲತಾಣದ ವಿಳಾಸ, ಮತ್ತು "ಫೋನಿನಲ್ಲಿ ನಾವು ಒಟಿಪಿ ಕೇಳುವುದಿಲ್ಲ."

ಇಲ್ಲಿ ಆಪ್ತತೆ ಎಲ್ಲಿಂದ ಬಂತು ಅಂತ ಗಮನಿಸಿ. ಜೋಕ್ ಇಲ್ಲ, ಎಮೋಜಿ ಇಲ್ಲ. ಗ್ರಾಹಕರು ಕೌಂಟರಿನಲ್ಲಿ ನಿಜವಾಗಿ ಕೇಳುವ ಪ್ರಶ್ನೆಯೇ ತಲೆಬರಹವಾಗಿದೆ. ಮಾತಾಡುವವರು "ನಾವು", ಕೇಳುವವರು "ನೀವು". "ಪ್ರಸ್ತುತಪಡಿಸಲು ಹರ್ಷಿಸುತ್ತೇವೆ" ಅನ್ನುವಲ್ಲಿ ಬ್ಯಾಂಕಿನ ಹರ್ಷ ಇತ್ತು, ಗ್ರಾಹಕರು ಇರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಮೂರನೇ ಸ್ಲೈಡ್. ಎಷ್ಟೋ ಬ್ಯಾಂಕುಗಳು ಮುಚ್ಚಿಡುವ ವಿಷಯವನ್ನು ಅರ್ಧದಾರಿಯಲ್ಲೇ ನೀವೇ ಎತ್ತಿ ಹೇಳುತ್ತೀರಿ. ಅಳುಕಬೇಡಿ. ಐದು ವರ್ಷ ದುಡ್ಡು ಬಿಡಲಾಗದವರು ಇದನ್ನು ಓದಿ ಹಿಂದೆ ಸರಿದರೆ ಒಳ್ಳೆಯದೇ, ಅವರು ನಾಳೆ ಶಾಖೆಯಲ್ಲಿ ಕೂಗಾಡುವುದು ತಪ್ಪಿತು.

ಸಡಿಲ ಮಾಡಬಾರದ ಜಾಗಗಳೂ ಇವೆ. ಅಂಕಿ, ಅವಧಿ, ದಿನಾಂಕ, ಯೋಜನೆಯ ಹೆಸರು, ವಿಮೆಯ ಸಾಲು, ಇಷ್ಟನ್ನು ಒಂದು ಸಲ ಕಂಪ್ಲಯನ್ಸ್‌ನವರ ಜೊತೆ ಕೂತು ಸರಳ ಕನ್ನಡದಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ. ಆಮೇಲೆ ಪ್ರತಿ ಪೋಸ್ಟಿನಲ್ಲೂ ಅವೇ ಸಾಲುಗಳನ್ನು ಅಕ್ಷರ ಬದಲಿಸದೆ ಬಳಸಿ. ಅವುಗಳ ಸುತ್ತಲಿನ ಮಾತು ನಿಮ್ಮದು. ಒಪ್ಪಿಗೆಗೆ ಕಳಿಸುವಾಗ ಬರೀ ಡಿಸೈನ್ ಕಳಿಸಬೇಡಿ. ಪಕ್ಕದಲ್ಲಿ ಒಂದು ಹಾಳೆ ಇರಲಿ: ಎಡಗಡೆ ಸ್ಲೈಡಿನ ಪ್ರತಿ ಮಾತು, ಬಲಗಡೆ ಅದಕ್ಕೆ ಆಧಾರ. ದರಕ್ಕೆ ನಿಮ್ಮ ಬ್ಯಾಂಕಿನ ಸುತ್ತೋಲೆಯ ಸಂಖ್ಯೆ ಮತ್ತು ದಿನಾಂಕ, ಮೊತ್ತಕ್ಕೆ ಲೆಕ್ಕ, ವಿಮೆಗೆ ಡಿಐಸಿಜಿಸಿ ಮಿತಿ. "ಗಾಂಭೀರ್ಯ ಹೋಗುತ್ತೆ" ಅನ್ನುವ ಆಕ್ಷೇಪ ಬರುವುದು ಹೆಚ್ಚಾಗಿ ಆಧಾರ ಕಾಣದೇ ಇದ್ದಾಗ. ಏನು ತಪ್ಪಾಗಬಹುದು ಅಂತ ಹುಡುಕಲು ಅವರಿಗೂ ಸಮಯ ಇರಲ್ಲ, ಪೂರ್ತಿ ಬೇಡ ಅಂದುಬಿಡುತ್ತಾರೆ. ಹಾಳೆ ಇದ್ದರೆ ಅವರು ಸಾಲು ಸಾಲಾಗಿ ಟಿಕ್ ಹಾಕಬಹುದು.

ದರ ಹಾಕುವ ಕ್ಯಾರೊಸೆಲ್‌ಗೆ ಇನ್ನೊಂದು ತೊಂದರೆ ಇದೆ. ದರ ಬದಲಾದರೆ ಇನ್‌ಸ್ಟಾಗ್ರಾಮಿನಲ್ಲಿ ಕ್ಯಾಪ್ಷನ್ ತಿದ್ದಬಹುದು, ಪೋಸ್ಟ್ ಆದ ಚಿತ್ರದ ಮೇಲಿನ ಅಂಕಿ ತಿದ್ದಲಾಗದು. ಅದಕ್ಕೇ ಮೊದಲ ಸ್ಲೈಡಿನಲ್ಲಿ ದಿನಾಂಕ ಹಾಕಿದ್ದು. ದರ ಇಳಿದ ದಿನವೇ ಆ ಪೋಸ್ಟನ್ನು ಆರ್ಕೈವ್‌ಗೆ ಹಾಕುವ ಹೊಣೆ ಯಾರದ್ದು ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. ಅದು ನಿಮ್ಮಲ್ಲಿ ಸಾಧ್ಯವಿಲ್ಲ ಅನ್ನಿಸಿದರೆ ದರವೇ ಇಲ್ಲದ ಕ್ಯಾರೊಸೆಲ್ ಮಾಡಿ: ಎಫ್‌ಡಿ ಮಧ್ಯದಲ್ಲಿ ಮುರಿದರೆ ಬಡ್ಡಿ ಹೇಗೆ ಲೆಕ್ಕ ಹಾಕುತ್ತಾರೆ, ವಿಮೆ ಯಾವುದಕ್ಕೆ ಇದೆ ಯಾವುದಕ್ಕಿಲ್ಲ. ಅದು ಬೇಗ ಹಳೆಯದಾಗಲ್ಲ, ಒಪ್ಪಿಗೆಯೂ ಸಲೀಸು. ಆದರೆ ಅದನ್ನು ನೋಡಿ ಮರುದಿನವೇ ಜನ ಶಾಖೆಗೆ ಬರುತ್ತಾರೆ ಅಂತ ಮೇಲಿನವರಿಗೆ ಮಾತು ಕೊಡಬೇಡಿ.

ಇನ್ನು ತಮಾಷೆ, ಆಡುಮಾತು, ಕಾರ್ಟೂನ್ ಪಾತ್ರ. ಇದನ್ನು ಪೂರ್ತಿ ಬೇಡ ಅನ್ನಲ್ಲ. ಉಳಿತಾಯ ಖಾತೆ, ಆ್ಯಪ್ ಬಳಸುವುದು, ಇಂಥವಕ್ಕೆ ಚೆನ್ನಾಗಿ ಹೊಂದುತ್ತದೆ. ಅಂಕಿ ಇರುವ ಸ್ಲೈಡಿನಲ್ಲಿ, ಸಾಲ ವಸೂಲಿ, ನಾಮಿನಿ, ಸಾವಿನ ನಂತರದ ಕ್ಲೇಮು ಇಂಥ ವಿಷಯದಲ್ಲಿ ಬೇಡ. ಜೊತೆಗೆ ಈಗಿನ ಕಾಲದಲ್ಲಿ ಇನ್ನೊಂದು ಅಪಾಯ ಸೇರಿಕೊಂಡಿದೆ. ಸೈಬರ್ ವಂಚಕರ ಸಂದೇಶಗಳೂ ಹೀಗೇ ಇರುತ್ತವೆ: ಸಲಿಗೆ, ಅವಸರ, ದೊಡ್ಡ ಅಂಕಿ, ಒಂದು ಲಿಂಕ್. ನಿಮ್ಮ ಮೊದಲ ಕರಡನ್ನು ಬ್ಯಾಂಕಿನ ಲೋಗೋ ಮುಚ್ಚಿ ಇನ್ನೊಮ್ಮೆ ಓದಿ ನೋಡಿ, ಗೊತ್ತಾಗುತ್ತದೆ. ಹಾಗಾಗಿ ಕಿರಿದು ಮಾಡಿದ ಲಿಂಕ್ ಬೇಡ. ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ `.bank.in` ವಿಳಾಸಕ್ಕೆ ಬದಲಾಗಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತ್ತು. ಕೊನೆಯ ಸ್ಲೈಡಿನಲ್ಲಿ ಆ ವಿಳಾಸವನ್ನೇ ಪೂರ್ತಿ ಬರೆಯಿರಿ. "ನಿಮ್ಮ ನಂಬರ್ ಕಮೆಂಟ್ ಮಾಡಿ, ನಾವೇ ಕರೆಯುತ್ತೇವೆ" ಅಂತ ಯಾವತ್ತೂ ಬರೆಯಬೇಡಿ. ಆ ನಂಬರುಗಳಿಗೆ ನಿಮಗಿಂತ ಮುಂಚೆ ಬೇರೆಯವರು ಕರೆ ಮಾಡುತ್ತಾರೆ.

ಪೋಸ್ಟ್ ಮಾಡುವ ಮುಂಚೆ ಒಂದು ಪರೀಕ್ಷೆ ಮಾಡಿ. ಯೋಜನೆ ಬಗ್ಗೆ ಏನೂ ಗೊತ್ತಿಲ್ಲದ, ಅರವತ್ತರ ಆಸುಪಾಸಿನ ಒಬ್ಬರಿಗೆ ಮೊದಲ ಸ್ಲೈಡ್ ಮಾತ್ರ ಫೋನಿನಲ್ಲಿ ತೋರಿಸಿ, ವಾಪಸ್ ತೆಗೆದುಕೊಂಡು ಕೇಳಿ: "ಇವರು ಏನು ಕೊಡ್ತಾರಂತೆ? ಎರಡು ವರ್ಷಕ್ಕೆ ದುಡ್ಡು ಬೇಕಾದರೆ?" ಎರಡನೇ ಪ್ರಶ್ನೆಗೆ "7%ನೇ ಕೊಡ್ತಾರೆ ಅಲ್ವಾ" ಅಂದರೆ ಷರತ್ತಿನ ಸಾಲು ಅವರ ಕಣ್ಣಿಗೆ ಬಿದ್ದಿಲ್ಲ. ಮಾತು ಬದಲಿಸುವ ಮುಂಚೆ ಅಕ್ಷರದ ಗಾತ್ರ ನೋಡಿ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬೇಕು. ಇಕ್ಕಟ್ಟಾದರೆ "ಬಡ್ಡಿ"ಯ ಒತ್ತು ಕೆಳಗಿನ ಸಾಲಿಗೆ ಹೋಗಿ ತಾಗುತ್ತದೆ. ಚಿಕ್ಕ ಅಕ್ಷರದ ಷರತ್ತು ಓದಲಾಗದೇ ಹೋಗಲು ಎಷ್ಟೋ ಸಲ ಇದೇ ಕಾರಣ. ಜಾಗ ಸಾಲದಿದ್ದರೆ ಅಕ್ಷರ ಕುಗ್ಗಿಸಬೇಡಿ, ಒಂದು ಸ್ಲೈಡ್ ಹೆಚ್ಚು ಮಾಡಿ.

ಕಮೆಂಟುಗಳನ್ನೂ ಮರೆಯಬೇಡಿ. ಯಾರಾದರೂ "ದುಡ್ಡಿಗೆ ಗ್ಯಾರಂಟಿನಾ ಸರ್?" ಅಂತ ಕೇಳಿದಾಗ ನಿಮ್ಮ ಸಹೋದ್ಯೋಗಿ ಉತ್ಸಾಹದಲ್ಲಿ "ಖಂಡಿತ ಸರ್, ಫುಲ್ ಗ್ಯಾರಂಟಿ" ಅಂದುಬಿಟ್ಟರೆ ಆರು ಸ್ಲೈಡಿನಲ್ಲಿ ಕಾಪಾಡಿದ್ದು ಅಲ್ಲಿ ಹೋಯಿತು. ಬ್ಯಾಂಕಿನ ಖಾತೆಯಿಂದ ಬಂದ ಉತ್ತರವೂ ಬ್ಯಾಂಕಿನ ಮಾತೇ. ಸಹಿಯಾದ ಸಾಲುಗಳ ಪಟ್ಟಿಯನ್ನು ಉತ್ತರಿಸುವವರ ಕೈಗೂ ಕೊಡಿ. ಇಷ್ಟು ಸಾಕು: "ನಮಸ್ಕಾರ ಸರ್. ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ಡಿಐಸಿಜಿಸಿ ವಿಮೆ ಇದೆ. ಅದಕ್ಕಿಂತ ಜಾಸ್ತಿ ಇಡುವ ಯೋಚನೆ ಇದ್ದರೆ ಶಾಖೆಗೆ ಬಂದು ಮ್ಯಾನೇಜರ್ ಹತ್ತಿರ ಮಾತಾಡಿ."